ಮಸುಕು ಫೋಟೋದಿಂದ ಜಾಗ ಹುಡುಕುವಾಗ: ಯಾವ ದಾರಿಯಲ್ಲಿ ಚೊಕ್ಕ ಮಾಡಿದರೆ ಸುಳ್ಳು ಸೇರುವುದಿಲ್ಲ

ವಾಟ್ಸಾಪ್‌ನಲ್ಲಿ ಹತ್ತಾರು ಜನರ ಕೈ ದಾಟಿ ಬಂದ ಫೋಟೋ ಇಟ್ಟುಕೊಂಡು ಅದು ಎಲ್ಲಿ ತೆಗೆದದ್ದು ಅಂತ ಹುಡುಕಲು ಕೂತರೆ, ಮೊದಲು ಅನ್ನಿಸುವುದು ಇದನ್ನು ಸ್ವಲ್ಪ ಕ್ಲಿಯರ್ ಮಾಡಿಕೊಳ್ಳೋಣ ಅಂತ. ಅದಕ್ಕೆ ಈಗ ದಾರಿಗಳು ಬೇಕಾದಷ್ಟಿವೆ. ಆದರೆ ಎಲ್ಲವೂ ಒಂದೇ ಕೆಲಸ ಮಾಡುವುದಿಲ್ಲ. ಕೆಲವು ಫೋಟೋದಲ್ಲಿ ಇರುವುದನ್ನೇ ಕಾಣುವ ಹಾಗೆ ಮಾಡುತ್ತವೆ. ಕೆಲವು ಇಲ್ಲದ್ದನ್ನು ಬರೆದು ಕೊಡುತ್ತವೆ. ಮದುವೆ ಫೋಟೋಗೆ ಎರಡನೆಯದು ನಡೆಯುತ್ತದೆ, ಊರು ಹುಡುಕಲು ನಡೆಯುವುದಿಲ್ಲ.

ಕಾರಣ ಲೆಕ್ಕದಲ್ಲೇ ಇದೆ. ಒಂದು ಫೋಟೋವನ್ನು ಉದ್ದ ಅಗಲ ಎರಡರಲ್ಲೂ ನಾಲ್ಕು ಪಟ್ಟು ಮಾಡಿದರೆ ಹಳೆಯ ಒಂದು ಪಿಕ್ಸೆಲ್ ಇದ್ದ ಕಡೆ ಹದಿನಾರು ಬರುತ್ತವೆ. ಅವುಗಳನ್ನು ಯಾವುದರಿಂದಲಾದರೂ ತುಂಬಲೇಬೇಕು. ಒಂದು ಚಿಕ್ಕ ಫೋಟೋಗೆ ಸರಿಹೊಂದುವ ದೊಡ್ಡ ಫೋಟೋ ಒಂದೇ ಅಲ್ಲ, ಲೆಕ್ಕವಿಲ್ಲದಷ್ಟು ಇರುತ್ತವೆ. ಚಿಕ್ಕದು ಮಾಡಿದರೆ ಎಲ್ಲವೂ ಹೆಚ್ಚುಕಡಿಮೆ ಅದೇ ಮಸುಕು ಫೋಟೋ ಆಗುತ್ತವೆ. 2020ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ PULSE ಅನ್ನುವ ಸಾಫ್ಟ್‌ವೇರ್ ವಿಷಯದಲ್ಲಿ ಇದು ಎಲ್ಲರ ಕಣ್ಣಿಗೂ ಬಿತ್ತು. ಬರಾಕ್ ಒಬಾಮಾ ಅವರ ಪಿಕ್ಸೆಲ್ ಪಿಕ್ಸೆಲ್ ಆಗಿದ್ದ ಫೋಟೋ ಕೊಟ್ಟರೆ ಅದು ಒಬ್ಬ ಬಿಳಿಯನ ಮುಖ ತೋರಿಸಿತು. ಚಿಕ್ಕದು ಮಾಡಿದಾಗ ಕೊಟ್ಟ ಫೋಟೋಗೆ ಹೊಂದುವ ಮುಖವನ್ನು ಹುಡುಕುವುದೇ ಅದರ ಕೆಲಸ. ಅಂದರೆ ಅದು ತನ್ನ ಲೆಕ್ಕ ಸರಿಯಾಗೇ ಮಾಡಿತ್ತು, ಮನುಷ್ಯ ಮಾತ್ರ ಬೇರೆ. "ದೊಡ್ಡದು ಮಾಡಿದ್ದನ್ನು ಮತ್ತೆ ಚಿಕ್ಕದು ಮಾಡಿ ನೋಡಿದೆ, ಹೊಂದಿತು, ಹಾಗಾಗಿ ಸರಿ ಇದೆ" ಅನ್ನುವ ವಾದಕ್ಕೆ ಅಷ್ಟೇ ಬೆಲೆ. ಹೊಂದದಿದ್ದರೆ ತಪ್ಪು ಅಂತ ಖಚಿತವಾಗಿ ಹೇಳಬಹುದು. ಹೊಂದಿದರೆ ಏನೂ ಸಾಬೀತಾಗುವುದಿಲ್ಲ.

ಈಗ ಒಂದೊಂದೇ ದಾರಿ ನೋಡೋಣ.

ದೊಡ್ಡ ಪ್ರತಿ ಹುಡುಕುವುದು

ನನ್ನ ಪ್ರಕಾರ ಎಲ್ಲಕ್ಕಿಂತ ಮೊದಲು ಇದನ್ನೇ ಮಾಡಬೇಕು. ನಿಜವಾದ ವಿವರ ಜಾಸ್ತಿ ಸಿಗುವುದು ಇಲ್ಲಿ ಮತ್ತು ವಿಡಿಯೋದಲ್ಲಿ ಮಾತ್ರ. ಫೋಟೋ ಕಳಿಸಿದವರು ಗೊತ್ತಿದ್ದರೆ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ, ಆಗ ವಾಟ್ಸಾಪ್ ಅದನ್ನು ಹಿಂಡುವುದಿಲ್ಲ, ಅಂದರೆ ಕಂಪ್ರೆಸ್ ಮಾಡುವುದಿಲ್ಲ. X ನಲ್ಲಿ ಸಿಕ್ಕಿದ ಫೋಟೋ ಆದರೆ ಅದರ ವಿಳಾಸದ ಕೊನೆಯಲ್ಲಿ `name=small` ಅಂತಲೋ `name=medium` ಅಂತಲೋ ಇರುತ್ತದೆ, ಅದನ್ನು `name=orig` ಅಂತ ಬದಲಿಸಿದರೆ ಅಲ್ಲಿರುವ ಅತಿ ದೊಡ್ಡ ಪ್ರತಿ ಸಿಗುತ್ತದೆ. ಫೋಟೋ ಕೊಟ್ಟು ಅದೇ ಫೋಟೋ ಹುಡುಕುವ, ಅಂದರೆ ರಿವರ್ಸ್ ಸರ್ಚ್ ಮಾಡುವ TinEye ತಾಣದಲ್ಲಿ ಹುಡುಕಿ ಫಲಿತಾಂಶವನ್ನು "Biggest Image" ಪ್ರಕಾರ ಜೋಡಿಸಿ, ಆಮೇಲೆ "Oldest" ಪ್ರಕಾರ ಜೋಡಿಸಿ. Google Lens ಮತ್ತು Yandex ಎರಡರಲ್ಲೂ ನೋಡಿ, ಒಂದರಲ್ಲಿ ಸಿಗದ್ದು ಇನ್ನೊಂದರಲ್ಲಿ ಸಿಗುವುದುಂಟು.

ಒಂದು ಎಚ್ಚರ ಬೇಕು. ಅಳತೆಯಲ್ಲಿ ದೊಡ್ಡದಾಗಿರುವ ಪ್ರತಿಯೇ ಮೂಲಕ್ಕೆ ಹತ್ತಿರ ಅಂತ ಅಲ್ಲ. ನಿಮಗಿಂತ ಮುಂಚೆ ಯಾರೋ ಅದನ್ನು ಆ್ಯಪ್‌ಗೆ ಹಾಕಿ ಹಿಗ್ಗಿಸಿ ಹರಿಯಬಿಟ್ಟಿರಬಹುದು. ಹಿಗ್ಗಿಸಿದ ಫೋಟೋದಲ್ಲಿ ಸಾಮಾನ್ಯವಾಗಿ ವಿವರ ಒಂದೇ ಸಮ ಇರುವುದಿಲ್ಲ. ಗೋಡೆಯ ಅಂಚು ಬ್ಲೇಡಿನಲ್ಲಿ ಕೊಯ್ದ ಹಾಗಿರುತ್ತದೆ, ಅದೇ ಗೋಡೆಯ ಮೇಲಿನ ಬರಹ ಮಾತ್ರ ಯಾವ ಭಾಷೆಗೂ ಸೇರದ ಗೀಚಾಗಿರುತ್ತದೆ. ನಿಜವಾದ ಮೂಲಪ್ರತಿಯಲ್ಲಿ ಅಂಚು ಅಷ್ಟು ಚೂಪಾಗಿದ್ದರೆ ಬರಹವೂ ಓದಲು ಬರಬೇಕು, ಅಲ್ವಾ? ಇನ್ನೊಂದು ಒಳ್ಳೆಯ ಗುರುತು ಅಂದರೆ ಫೋಟೋದ ಅಂಚುಗಳು. ದೊಡ್ಡ ಪ್ರತಿಯಲ್ಲಿ ಎಡಕ್ಕೋ ಬಲಕ್ಕೋ ಇನ್ನಷ್ಟು ದೃಶ್ಯ ಇದ್ದರೆ ಅದು ಕತ್ತರಿಸುವುದಕ್ಕಿಂತ ಮುಂಚಿನ ಪ್ರತಿ ಆಗಿರುವ ಸಾಧ್ಯತೆ ಜಾಸ್ತಿ.

ಕೈಗೆ ಬಂದ ಫೈಲ್ ಎಷ್ಟು ಹಿಂಡಿದೆ ಅಂತ ನೋಡಲು ಕಮಾಂಡ್ ಕೊಟ್ಟು ಫೋಟೋ ಬದಲಿಸುವ ImageMagick ಅನ್ನುವ ಸಾಫ್ಟ್‌ವೇರ್ ಇದ್ದರೆ ಸಾಕು:

```
magick identify -format "%Q %wx%h\n" photo.jpg
```

ಮೊದಲ ಅಂಕಿ ಜೆಪೆಗ್ ಗುಣಮಟ್ಟದ ಅಂದಾಜು. ಆದರೆ ಅದು ಕೊನೆಯ ಸಲ ಸೇವ್ ಮಾಡಿದಾಗಿನದು ಮಾತ್ರ. 30ರಲ್ಲಿ ಹಿಂಡಿದ ಫೋಟೋವನ್ನು ಯಾರೋ ಸ್ಕ್ರೀನ್‌ಶಾಟ್ ತೆಗೆದು 92ರಲ್ಲಿ ಸೇವ್ ಮಾಡಿದ್ದರೆ ನಿಮಗೆ 92 ಅಂತಲೇ ಕಾಣುತ್ತದೆ. ಅಂಕಿಗಿಂತ ಕಣ್ಣನ್ನು ನಂಬಿ: ಆಕಾಶದಲ್ಲಿ ಚೌಕ ಚೌಕ ಕಾಣುತ್ತಿದ್ದರೆ ಅದು ಹಿಂದೆ ಎಲ್ಲೋ ಜೋರಾಗಿ ಹಿಂಡಿಸಿಕೊಂಡಿದೆ.

ಸಾದಾ ಹಿಗ್ಗಿಸುವಿಕೆ

ದೊಡ್ಡ ಪ್ರತಿ ಸಿಗಲಿಲ್ಲ ಅಂದರೆ ಇದೇ ನಿಮ್ಮ ಮುಖ್ಯ ಸಾಧನ. ಎರಡು ರೀತಿಯಲ್ಲಿ ಹಿಗ್ಗಿಸಿ ಅಕ್ಕಪಕ್ಕ ಇಟ್ಟುಕೊಳ್ಳಿ.

```
magick photo.jpg -filter point -resize 400% a.png
magick photo.jpg -filter Lanczos -resize 400% b.png
```

ಮೊದಲನೆಯದು ಪ್ರತಿ ಪಿಕ್ಸೆಲ್ಲನ್ನೂ ಹಾಗೇ ಒಂದು ಚೌಕವಾಗಿ ತೋರಿಸುತ್ತದೆ. ನೋಡಲು ಒರಟು, ಆದರೆ ನಿಮ್ಮ ಬಳಿ ನಿಜವಾಗಿ ಇರುವುದು ಇಷ್ಟೇ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳುತ್ತದೆ. ಎರಡನೆಯದು ಅಕ್ಕಪಕ್ಕದ ಪಿಕ್ಸೆಲ್‌ಗಳಿಂದ ಲೆಕ್ಕ ಹಾಕಿ ನಯ ಮಾಡುತ್ತದೆ, ಆಕಾರ ಗುರುತಿಸಲು ಸುಲಭ. ಇದೂ ನಡುವಿನ ಪಿಕ್ಸೆಲ್ ತುಂಬುತ್ತದೆ ನಿಜ. ಆದರೆ ಬೋರ್ಡ್ ಹೇಗಿರುತ್ತದೆ, ಮರ ಹೇಗಿರುತ್ತದೆ ಅನ್ನುವ ಕಲ್ಪನೆ ಇದಕ್ಕೆ ಇಲ್ಲ, ಹಾಗಾಗಿ ಬೋರ್ಡನ್ನೂ ಮರವನ್ನೂ ಹೊಸದಾಗಿ ಬರೆಯುವುದಿಲ್ಲ. ಮಾಡುವ ತಪ್ಪು ಒಂದೇ, ಚೂಪಾದ ಅಂಚಿನ ಪಕ್ಕ ತೆಳುವಾದ ನೆರಳುಗೆರೆ ಬರುತ್ತದೆ. ಅದು ನಿಜವೋ ಅಲ್ಲವೋ ಅಂತ ಮೊದಲ ಪ್ರತಿಯಲ್ಲಿ ನೋಡಿದರೆ ತಿಳಿಯುತ್ತದೆ.

ಇದರ ಮೇಲೆ ಬೆಳಕು, ಕಾಂಟ್ರಾಸ್ಟ್ ಬದಲಿಸಬಹುದು. ಇಡೀ ಫೋಟೋಗೆ ಒಂದೇ ಸಮ ಮಾಡಿ, ಬೋರ್ಡ್ ಇರುವ ಜಾಗಕ್ಕೆ ಮಾತ್ರ ಬೇರೆ ಮಾಡಬೇಡಿ. ಅಕ್ಷರ ಓದುವಾಗ ಬಣ್ಣ ತೆಗೆದು ಕಪ್ಪು ಬಿಳುಪು ಮಾಡಿಕೊಳ್ಳಿ. ಜೋರಾಗಿ ಹಿಂಡಿದ ಜೆಪೆಗ್‌ನಲ್ಲಿ ಬೆಳಕಿನ ಮಾಹಿತಿ ಪ್ರತಿ ಪಿಕ್ಸೆಲ್‌ಗೂ ಇರುತ್ತದೆ, ಬಣ್ಣದ ಮಾಹಿತಿ ಸಾಮಾನ್ಯವಾಗಿ ನಾಲ್ಕು ಪಿಕ್ಸೆಲ್‌ಗೆ ಒಂದೇ. ರಸ್ತೆ ಬದಿಯ ಮೈಲಿಗಲ್ಲಿನ ತಲೆ ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರು ಇದ್ದರೆ ರಾಜ್ಯ ಹೆದ್ದಾರಿ. ಆದರೆ ಆ ಕಲ್ಲು ಫೋಟೋದಲ್ಲಿ ಆರು ಪಿಕ್ಸೆಲ್ ಅಗಲ ಇದ್ದರೆ ಅದಕ್ಕೆ ಸಿಕ್ಕಿರುವುದು ಸುಮಾರು ಮೂರು ಬಣ್ಣದ ಚುಕ್ಕೆ, ಅದರಲ್ಲೂ ಹಿಂದಿನ ಪೊದೆಯ ಹಸಿರು ಸೋರಿ ಬಂದಿರುತ್ತದೆ. ಅಷ್ಟು ಚಿಕ್ಕ ಕಲ್ಲಿನ ಬಣ್ಣವನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಶಾರ್ಪನ್ ಮತ್ತು ನಾಯ್ಸ್ ತೆಗೆಯುವುದು

ಇವೆರಡೂ ನಡುವಿನ ದಾರಿ, ಅಳತೆ ಮೀರಿದರೆ ಕೆಟ್ಟದು. ಜೆಪೆಗ್ ಫೋಟೋವನ್ನು ಎಂಟು ಪಿಕ್ಸೆಲ್ ಉದ್ದ, ಎಂಟು ಪಿಕ್ಸೆಲ್ ಅಗಲದ ಚೌಕಗಳಾಗಿ ಕತ್ತರಿಸಿ ಪ್ರತಿ ಚೌಕದ ಸೂಕ್ಷ್ಮ ಏರಿಳಿತಗಳನ್ನು ಬಿಸಾಡುತ್ತದೆ. ಅದರಿಂದ ಅಕ್ಷರಗಳ ಸುತ್ತ ಚುಕ್ಕೆ ಚುಕ್ಕೆ ಕೊಳೆ ಉಳಿಯುತ್ತದೆ. ಶಾರ್ಪನ್ ಮಾಡಿದರೆ ಆ ಕೊಳೆಯೂ ಚೂಪಾಗುತ್ತದೆ. ಅಕ್ಷರಕ್ಕೆ ಇಲ್ಲದ ಕೊಂಬು, ಒತ್ತು ಬಂದ ಹಾಗೆ ಕಾಣುತ್ತದೆ. ಬೆಟ್ಟದ ಅಂಚಿಗೆ ಬಿಳಿ ಗೆರೆ ಬಂದು ಕರೆಂಟ್ ತಂತಿಯ ಹಾಗೆ ತೋರುತ್ತದೆ. ನಾಯ್ಸ್ ತೆಗೆಯುವ ಫಿಲ್ಟರ್ ಇದಕ್ಕೆ ಉಲ್ಟಾ: ನಿಜವಾಗಿ ಇದ್ದ ತೆಳು ತಂತಿ, ದೂರದ ಮೊಬೈಲ್ ಟವರ್ ಎಲ್ಲ ಅಳಿಸಿಹೋಗುತ್ತವೆ. ಆಮೇಲೆ ನೀವು "ಈ ಜಾಗದಲ್ಲಿ ಟವರ್ ಇದೆ, ಫೋಟೋದಲ್ಲಿ ಇಲ್ಲ, ಹಾಗಾಗಿ ಇದಲ್ಲ" ಅಂತ ಸರಿಯಾದ ಜಾಗವನ್ನೇ ಕೈಬಿಡುತ್ತೀರಿ. ವಿವರ ಸೇರಿಸುವಷ್ಟೇ ಅಪಾಯ ಅಳಿಸುವುದರಲ್ಲೂ ಇದೆ, ಇದನ್ನು ಬಹಳ ಜನ ಗಮನಿಸುವುದಿಲ್ಲ.

ವಿಡಿಯೋ ಇದ್ದರೆ

ನಿಮ್ಮ ಫೋಟೋ ಯಾವುದೋ ವಿಡಿಯೋದಿಂದ ತೆಗೆದ ಸ್ಕ್ರೀನ್‌ಶಾಟ್ ಅಂತ ಗೊತ್ತಾದರೆ ಆ ವಿಡಿಯೋ ಹುಡುಕಿ. ಮಾಡಿದ ಕಷ್ಟಕ್ಕೆ ಬೆಲೆ ಸಿಗುತ್ತದೆ. ಕೈ ಸ್ವಲ್ಪ ಅಲುಗಿದಾಗ ಅದೇ ಬೋರ್ಡ್ ಪ್ರತಿ ಫ್ರೇಮ್‌ನಲ್ಲೂ ಪಿಕ್ಸೆಲ್ ಜಾಲದ ಮೇಲೆ ಬೇರೆ ಬೇರೆ ಕಡೆ ಕೂರುತ್ತದೆ, ಹಾಗಾಗಿ ಪ್ರತಿ ಫ್ರೇಮ್ ಸ್ವಲ್ಪ ಹೊಸ ಮಾಹಿತಿ ಕೊಡುತ್ತದೆ. ಎರಡು ಸೆಕೆಂಡಿನ ಫ್ರೇಮ್‌ಗಳನ್ನು ಮೂರು ಪಟ್ಟು ಹಿಗ್ಗಿಸಿ ತೆಗೆದು, ಫೋಟೋ ಜೋಡಿಸುವ Hugin ಸಾಫ್ಟ್‌ವೇರ್ ಜೊತೆ ಬರುವ ಸಾಧನದಿಂದ ಒಂದರ ಮೇಲೊಂದು ಕೂರಿಸಿ, ಪ್ರತಿ ಪಿಕ್ಸೆಲ್‌ಗೂ ನಡುವಿನ ಬೆಲೆ ತೆಗೆದುಕೊಳ್ಳಬಹುದು:

```
ffmpeg -ss 00:00:12 -t 2 -i video.mp4 -vf "scale=iw*3:ih*3:flags=lanczos" f_%03d.png
align_image_stack -a al_ f_*.png
magick al_*.tif -evaluate-sequence median out.png
```

ಓಡಾಡುವ ಜನ, ಗಾಡಿ, ಹರಿಯುವ ನೀರು ಇದರಲ್ಲಿ ಕರಗಿಹೋಗುತ್ತವೆ, ಗೋಡೆ ಬೋರ್ಡ್ ಕಂಬ ಉಳಿಯುತ್ತವೆ. ಜಾಗ ಹುಡುಕುವವರಿಗೆ ಬೇಕಾದದ್ದೂ ಅದೇ. ನಿಂತಲ್ಲೇ ನಿಂತು ತೆಗೆದ ವಿಡಿಯೋದಲ್ಲಿ ಇದು ಚೆನ್ನಾಗಿ ಬರುತ್ತದೆ. ನಡೆಯುತ್ತಾ ತೆಗೆದಿದ್ದರೆ ಹತ್ತಿರದ ಕಂಬ ದೂರದ ಗೋಡೆಗಿಂತ ಬೇಗ ಸರಿಯುವುದರಿಂದ ಒಂದು ಕೂತರೆ ಇನ್ನೊಂದು ಕೂರುವುದಿಲ್ಲ, ಆಗ ಬೋರ್ಡಿನ ಭಾಗ ಮಾತ್ರ ಕತ್ತರಿಸಿಕೊಂಡು ಮಾಡಿ. ಇನ್ನೊಂದು ಮಾತು. ಹಿಂಡಿದ ವಿಡಿಯೋದಲ್ಲಿ ಅಲುಗದ ಭಾಗವನ್ನು ಹಿಂದಿನ ಫ್ರೇಮ್‌ನಿಂದ ಹಾಗೇ ನಕಲು ಮಾಡಿರುತ್ತಾರೆ. ಆಗ ಇಪ್ಪತ್ತು ಫ್ರೇಮ್ ಸೇರಿಸಿದರೂ ಸಿಗುವುದು ಒಂದೇ ಫ್ರೇಮ್‌ನ ಮಾಹಿತಿ. ಎರಡು ಪಕ್ಕದ ಫ್ರೇಮ್‌ಗಳ ವ್ಯತ್ಯಾಸ ತೆಗೆದು ನೋಡಿ, ಬೋರ್ಡಿನ ಜಾಗದಲ್ಲಿ ಪೂರ್ತಿ ಕಪ್ಪು ಬಂದರೆ ಅಲ್ಲಿ ಹೊಸದೇನೂ ಇಲ್ಲ.

ಎಐ ಹಿಗ್ಗಿಸುವಿಕೆ

Real-ESRGAN ಅಥವಾ ಫೋನಿನ "ಎನ್‌ಹ್ಯಾನ್ಸ್" ಆ್ಯಪ್‌ಗಳು ಬೇರೆ ಜಾತಿಯವು. ಇವು ಬೇರೆ ಫೋಟೋಗಳಿಂದ ಕಲಿತದ್ದನ್ನು ನಿಮ್ಮ ಫೋಟೋ ಮೇಲೆ ಬರೆಯುತ್ತವೆ. ಮಸುಕಾದ ಚಾವಣಿ ಮಂಗಳೂರು ಹಂಚಾಗಬಹುದು, ಮೂಲದಲ್ಲಿ ಅದು ತಗಡಿನ ಶೀಟ್ ಇದ್ದಿರಬಹುದು. ದೂರದ ಅಡಿಕೆ ತೋಟ ತೆಂಗಿನ ತೋಟವಾಗಬಹುದು. ಈ ಒಂದು ಬದಲಾವಣೆ ಸಾಕು, ನಿಮ್ಮ ಹುಡುಕಾಟ ತೀರ್ಥಹಳ್ಳಿ ಬಿಟ್ಟು ತಿಪಟೂರಿಗೆ ಹೋಗಲು. ಅಕ್ಷರಗಳಂತೂ ಕೇಳಲೇಬೇಡಿ. ಕನ್ನಡದ ರ, ಗ, ನ, ಸ ಮತ್ತು ತೆಲುಗಿನ ర, గ, న, స ನಡುವೆ ಮುಖ್ಯ ವ್ಯತ್ಯಾಸ ಇರುವುದೇ ತಲೆಕಟ್ಟಿನಲ್ಲಿ. ಅಕ್ಷರ ಒಂಬತ್ತು ಪಿಕ್ಸೆಲ್ ಎತ್ತರ ಇದ್ದರೆ ತಲೆಕಟ್ಟು ಒಂದೆರಡು ಪಿಕ್ಸೆಲ್. ಆ ಒಂದೆರಡು ಪಿಕ್ಸೆಲ್ಲನ್ನು ಸಾಫ್ಟ್‌ವೇರ್ ತನಗೆ ತೋಚಿದ ಹಾಗೆ ಬರೆದರೆ ನಿಮ್ಮ ಫೋಟೋ ಗಡಿ ದಾಟಿಬಿಡುತ್ತದೆ.

ನ್ಯಾಯಾಲಯವೂ ಇದೇ ಪ್ರಶ್ನೆ ಎದುರಿಸಿದೆ. 2024ರ ಮಾರ್ಚ್‌ನಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಕಿಂಗ್ ಕೌಂಟಿಯಲ್ಲಿ ಒಂದು ಕೊಲೆ ಪ್ರಕರಣದ ವಿಚಾರಣೆಯಲ್ಲಿ, ಎಐನಿಂದ ಚೊಕ್ಕ ಮಾಡಿದ ವಿಡಿಯೋವನ್ನು ಸಾಕ್ಷ್ಯವಾಗಿ ತರಲು ನ್ಯಾಯಾಧೀಶರು ಒಪ್ಪಲಿಲ್ಲ.

ಹಾಗಾದರೆ ಮುಟ್ಟಲೇಬಾರದಾ? ಊಹೆ ಹುಟ್ಟಿಸಿಕೊಳ್ಳಲು ಬಳಸಬಹುದು. "ಇದು ಪೆಟ್ರೋಲ್ ಬಂಕ್ ಇರಬಹುದು" ಅಂತ ಅದು ಹೊಳೆಯಿಸಿದರೆ ಆ ಹೊಳಹನ್ನು ಹಿಡಿದು ಮೂಲ ಫೋಟೋಗೆ ವಾಪಸ್ ಬನ್ನಿ. ಅಲ್ಲಿ ಬೆರಳಿಟ್ಟು ತೋರಿಸಲು ಆಗದ ಯಾವುದನ್ನೂ ಲೆಕ್ಕಕ್ಕೆ ಹಿಡಿಯಬೇಡಿ. ರಿವರ್ಸ್ ಸರ್ಚ್‌ಗೆ ಎಐ ಪ್ರತಿ ಹಾಕಿ ಫಲಿತಾಂಶ ಬಂದರೆ ತೊಂದರೆ ಇಲ್ಲ, ಏಕೆಂದರೆ ಸಿಕ್ಕ ಫೋಟೋವನ್ನು ಮೂಲದ ಜೊತೆ ಹೋಲಿಸಿ ಪರೀಕ್ಷಿಸಬಹುದು. ಆದರೆ ಎಐ ಪ್ರತಿಯನ್ನು ಇನ್ನೊಬ್ಬರಿಗೆ ಕಳಿಸಿ "ಇದು ಎಲ್ಲಿ ಹೇಳಿ" ಅಂತ ಕೇಳಬೇಡಿ. ಅವರು ಇಲ್ಲದ ಹಂಚು ನೋಡಿ ಉತ್ತರ ಕೊಡುತ್ತಾರೆ.

ಒಂದು ಫೋಟೋ ಹಿಡಿದು ನೋಡೋಣ

ಹೀಗೊಂದು ಫೋಟೋ ಬಂದಿದೆ ಅಂತ ಇಟ್ಟುಕೊಳ್ಳಿ. 640 x 360 ಪಿಕ್ಸೆಲ್. ರಸ್ತೆ ಬದಿಯ ಮೆಡಿಕಲ್ ಶಾಪಿಗೆ ಮಳೆ ನೀರು ನುಗ್ಗಿದೆ, "ರಾಯಚೂರು ಹತ್ತಿರ" ಅಂತ ಬರಹ. ರಾಷ್ಟ್ರೀಯ ಹೆದ್ದಾರಿ 167 ಮಂತ್ರಾಲಯದ ಕಡೆಯಿಂದ ರಾಯಚೂರಿಗೆ ಬಂದು, ಶಕ್ತಿನಗರದ ಹತ್ತಿರ ಕೃಷ್ಣಾ ನದಿ ದಾಟಿ, ಮಕ್ತಲ್ ಮೇಲೆ ಮಹಬೂಬ್‌ನಗರಕ್ಕೆ ಹೋಗುತ್ತದೆ. ಒಂದೇ ರಸ್ತೆ, ಮೂರು ರಾಜ್ಯ. ಹಾಗಾಗಿ ಮೈಲಿಗಲ್ಲು ಹಳದಿ ಅಂತ ಖಚಿತವಾದರೂ ಯಾವ ರಾಜ್ಯ ಅಂತ ಹೇಳಲು ಅದು ಸಾಲುವುದಿಲ್ಲ. ಗಡಿಯ ಅಂಗಡಿಗಳಲ್ಲಿ ಎರಡೂ ಭಾಷೆಯ ಬೋರ್ಡ್ ಇರಬಹುದು, ಅದನ್ನೂ ನೆನಪಿಡಿ.

ಬೋರ್ಡಿನ ಅಕ್ಷರ ಒಂಬತ್ತು ಪಿಕ್ಸೆಲ್ ಎತ್ತರ. ಕೆಳಗೆ ಫೋನ್ ನಂಬರ್, ಅದರ ಅಂಕಿಗಳು ಐದು ಪಿಕ್ಸೆಲ್. ಎಐ ಆ್ಯಪ್‌ಗೆ ಹಾಕಿದರೆ 08532 ಅಂತ ಮುದ್ದಾಗಿ ಬರುತ್ತದೆ. ಅದು ರಾಯಚೂರಿನ ಎಸ್‌ಟಿಡಿ ಕೋಡ್. ಕೆಲಸ ಮುಗಿಯಿತು ಅನ್ನಿಸುತ್ತದೆ. ಆದರೆ ಮಹಬೂಬ್‌ನಗರದ ಕೋಡ್ 08542. ಎರಡಕ್ಕೂ ವ್ಯತ್ಯಾಸ ಒಂದೇ ಅಂಕಿ.

ಅಂಕಿ ಸ್ಪಷ್ಟವಾಗಿ ಕಾಣುವುದು ಬೇರೆ, ಸರಿಯಾಗಿರುವುದು ಬೇರೆ. 2013ರಲ್ಲಿ ಜರ್ಮನಿಯ ಡೇವಿಡ್ ಕ್ರೀಸೆಲ್ ಇದನ್ನು ಜೆರಾಕ್ಸ್ ಸ್ಕ್ಯಾನರ್‌ಗಳಲ್ಲಿ ತೋರಿಸಿದ್ದರು. ಕಟ್ಟಡದ ನಕ್ಷೆ ಸ್ಕ್ಯಾನ್ ಮಾಡಿದರೆ ಕೋಣೆಗಳ ಅಳತೆಯ ಅಂಕಿಗಳೇ ಬದಲಾಗಿದ್ದವು. ಜಾಗ ಉಳಿಸಲು ಸ್ಕ್ಯಾನರ್ ಒಂದೇ ಥರ ಕಂಡ ತುಣುಕುಗಳಿಗೆ ಒಂದೇ ತುಣುಕನ್ನು ಮತ್ತೆ ಮತ್ತೆ ಹಾಕುತ್ತಿತ್ತು. ಬಂದ ಅಂಕಿ ಮಸುಕಾಗಿರಲಿಲ್ಲ, ಅಚ್ಚುಕಟ್ಟಾಗಿತ್ತು, ಆದರೆ ತಪ್ಪು.

ಈ ಅಂಕಿಗೆ ನಾನು ಹೇಳುವ ದಾರಿ ಉಲ್ಟಾ. ಫೋಟೋ ಹಿಗ್ಗಿಸುವುದರ ಬದಲು ಎರಡೂ ಊಹೆಗಳನ್ನು ಕುಗ್ಗಿಸಿ. ಅದೇ ಬಣ್ಣದ ಬೋರ್ಡ್ ಮೇಲೆ, ಅದೇ ಥರದ ಅಕ್ಷರದಲ್ಲಿ 08532 ಮತ್ತು 08542 ಎರಡನ್ನೂ ದೊಡ್ಡದಾಗಿ ಬರೆಯಿರಿ. ಅವುಗಳನ್ನು ಆ ಹೆದ್ದಾರಿಯ ಥರದ ಯಾವುದಾದರೂ ಒಳ್ಳೆಯ ಫೋಟೋದಲ್ಲಿ ಅಂಟಿಸಿ known_3.png, known_4.png ಅಂತ ಸೇವ್ ಮಾಡಿ, ಅಂಕಿಗಳು ಐದು ಪಿಕ್ಸೆಲ್ ಆಗುವ ಹಾಗೆ ಕುಗ್ಗಿಸಿ, ಆಕಾಶದ ಚೌಕಗಳು ನಿಮ್ಮ ಫೋಟೋದಷ್ಟೇ ಎದ್ದು ಕಾಣುವ ತನಕ ಹಿಂಡಿ:

```
magick known_3.png -resize 640x -quality 35 t3.jpg
magick known_4.png -resize 640x -quality 35 t4.jpg
```

ಈಗ ನಿಮ್ಮ ಫೋಟೋ, t3, t4 ಮೂರನ್ನೂ ಅಕ್ಕಪಕ್ಕ `-filter point` ನಲ್ಲಿ ಹಿಗ್ಗಿಸಿ ನೋಡಿ. 3ಕ್ಕೆ ತಳದಲ್ಲಿ ಎಡದವರೆಗೂ ಬಣ್ಣ ಇರುತ್ತದೆ, 4ಕ್ಕೆ ತಳದ ಎಡಮೂಲೆ ಖಾಲಿ. ಈ ವ್ಯತ್ಯಾಸ ಹಿಂಡಿದ ಮೇಲೂ ಉಳಿದಿದೆಯಾ? ಉಳಿದು, ನಿಮ್ಮ ಫೋಟೋ ಒಂದಕ್ಕೆ ಮಾತ್ರ ಹೊಂದಿದರೆ ಅದು ನಿಜವಾದ ಸುಳಿವು. ಎರಡೂ ಒಂದೇ ಮಸಿ ಚುಕ್ಕೆ ಆದರೆ ಆ ಅಂಕಿ ಓದಲು ಬರುವುದಿಲ್ಲ, ಯಾವ ಸಾಫ್ಟ್‌ವೇರ್‌ನಿಂದಲೂ ಬರುವುದಿಲ್ಲ. ಒಂದೇ ಸಲ ಮಾಡಿ ಬಿಡಬೇಡಿ. ಬೋರ್ಡನ್ನು ಒಂದೆರಡು ಪಿಕ್ಸೆಲ್ ಅತ್ತಿತ್ತ ಸರಿಸಿ ಮತ್ತೆ ಹಿಂಡಿ, ಏಕೆಂದರೆ ಅಂಕಿ ಎಂಟರ ಚೌಕದ ನಡುವೆ ಬಿದ್ದರೆ ಒಂದು ಥರ, ಎರಡು ಚೌಕಗಳ ಗಡಿಯಲ್ಲಿ ಬಿದ್ದರೆ ಇನ್ನೊಂದು ಥರ ಕಾಣುತ್ತದೆ. ಸರಿಸಿದಾಗ 3 ಇದ್ದದ್ದು 4ರ ಹಾಗೆ ಕಂಡರೆ ಕೈಬಿಡಿ.

ಇದೇ t3, t4 ಫೋಟೋಗಳನ್ನು ಎಐ ಆ್ಯಪ್‌ಗೂ ಹಾಕಿ ನೋಡಿ. t4ಗೂ ಅದು 08532 ಅಂತ ಬರೆದರೆ, ನಿಮ್ಮ ಫೋಟೋದಲ್ಲಿ ಅದು ಬರೆದ 3ಕ್ಕೆ ಎಷ್ಟು ಬೆಲೆ ಅಂತ ನಿಮಗೇ ತಿಳಿಯುತ್ತದೆ.

ಅಕ್ಷರಕ್ಕೂ ಇದೇ ಪರೀಕ್ಷೆ. ತಲೆಕಟ್ಟು ನಂಬಿಕೊಂಡು ರ, ಗ ನೋಡುವುದರ ಬದಲು ಮೈಯೇ ಬೇರೆ ಇರುವ ಅಕ್ಷರ ಹುಡುಕಿ. "ಮೆಡಿಕಲ್" ಅನ್ನುವುದರಲ್ಲಿ ಕ ಇದೆ, ತೆಲುಗಿನಲ್ಲಿ క. ಕನ್ನಡದ ಕ ಅಕ್ಷರದ ನಡುವಿನ ಅಡ್ಡಗೆರೆ ಒಂಬತ್ತು ಪಿಕ್ಸೆಲ್‌ನಲ್ಲೂ ಉಳಿಯುವ ಸಾಧ್ಯತೆ ತಲೆಕಟ್ಟಿಗಿಂತ ಜಾಸ್ತಿ. ಬರೆದು ಕುಗ್ಗಿಸಿ ನೋಡಿ.

ನಿಂತಿರುವ ಬೈಕಿನ ನಂಬರ್ ಪ್ಲೇಟಿನಲ್ಲಿ ಮೊದಲ ಎರಡು ಅಕ್ಷರ KA ಅಂತಲೋ AP ಅಂತಲೋ ಕಾಣುತ್ತಿದ್ದರೆ ಅದಕ್ಕೂ ಹೀಗೇ ಮಾಡಬಹುದು. ಆದರೆ AP ಅಂತ ಬಂದರೂ ಆಂಧ್ರ ಅಂತ ತೀರ್ಮಾನಿಸಬೇಡಿ. 2014ರ ಜೂನ್‌ಗಿಂತ ಮುಂಚೆ ಮಹಬೂಬ್‌ನಗರವೂ ಆಂಧ್ರದಲ್ಲೇ ಇತ್ತು, ಹಳೆಯ ಗಾಡಿಗಳು ಇನ್ನೂ ಓಡುತ್ತಿವೆ. TS ಬಂದದ್ದು ಆಮೇಲೆ, TG 2024ರಿಂದ. ಅದೂ ಅಲ್ಲದೆ ಗಡಿಯಲ್ಲಿ ಎಲ್ಲ ರಾಜ್ಯದ ಗಾಡಿಯೂ ನಿಂತಿರುತ್ತದೆ.

ಅಂಕಿ, ಅಕ್ಷರ ಎರಡೂ ಕೈಕೊಟ್ಟವು ಅಂತ ಇಟ್ಟುಕೊಳ್ಳಿ. ಆಗ ಚಿಕ್ಕದನ್ನು ಬಿಟ್ಟು ದೊಡ್ಡದನ್ನು ನೋಡಿ. 640 ಪಿಕ್ಸೆಲ್ ಫೋಟೋದಲ್ಲೂ ರಸ್ತೆ ಯಾವ ಕಡೆ ತಿರುಗುತ್ತದೆ, ಎರಡು ಕಂಬದ ಮೇಲೆ ಕೂರಿಸಿದ ಟಿಸಿ ಅಂಗಡಿಯ ಎಡಕ್ಕಿದೆಯೋ ಬಲಕ್ಕಿದೆಯೋ, ಹಿಂದೆ ಕಾಣುವ ಓವರ್‌ಹೆಡ್ ಟ್ಯಾಂಕಿಗೆ ಎಷ್ಟು ಕಾಲಿದೆ, ದೂರದ ಗುಡ್ಡದ ಇಳಿಜಾರು ಯಾವ ಕಡೆ, ಇವೆಲ್ಲ ಕಾಣುತ್ತವೆ. ಹಿಂಡಿದ್ದರಿಂದ ಇವು ಕೆಡುವುದಿಲ್ಲ. ಉಪಗ್ರಹ ಚಿತ್ರದಲ್ಲಿ ಆ ಹೆದ್ದಾರಿಯುದ್ದಕ್ಕೂ ತಿರುವಿನ ಹತ್ತಿರ ಟ್ಯಾಂಕ್ ಇರುವ ಊರುಗಳನ್ನು ಗುರುತು ಮಾಡಿಕೊಂಡು, ಸ್ಟ್ರೀಟ್ ವ್ಯೂ ಅಥವಾ ಮ್ಯಾಪಿಲರಿ ಚಿತ್ರ ಇರುವ ಕಡೆ ಒಂದೊಂದೇ ಹೋಲಿಸಬೇಕು. ಟಿಸಿ, ಟ್ಯಾಂಕ್, ಅಂಗಡಿ ಮೂರೂ ಅದೇ ಕ್ರಮದಲ್ಲಿ ಒಂದೇ ಕಡೆಯಿಂದ ಕಂಡರೆ ಜಾಗ ಸಿಕ್ಕಿದ ಹಾಗೆ. ಆಗ ಬೋರ್ಡಿನಲ್ಲಿ ಏನಿತ್ತು ಅಂತ ಸ್ಟ್ರೀಟ್ ವ್ಯೂನಲ್ಲೇ ಓದಿಕೊಳ್ಳಬಹುದು.

ಸಿಗದಿದ್ದರೆ ಉತ್ತರವನ್ನು ಅಷ್ಟಕ್ಕೇ ನಿಲ್ಲಿಸಿ: "ಹೆದ್ದಾರಿ 167 ಇರಬಹುದು, ಕೃಷ್ಣಾ ನದಿಯ ಯಾವ ದಡ ಅಂತ ಈ ಪ್ರತಿಯಿಂದ ಹೇಳಲು ಆಗುವುದಿಲ್ಲ." ಜೊತೆಗೆ ಕೈಗೆ ಬಂದ ಮೂಲ ಫೈಲ್, ಹಿಗ್ಗಿಸಲು ಬಳಸಿದ ಕಮಾಂಡ್, t3 ಮತ್ತು t4 ಮೂರನ್ನೂ ಇಡಿ. ಮುಂದೆ ಯಾರಿಗಾದರೂ ದೊಡ್ಡ ಪ್ರತಿ ಸಿಕ್ಕರೆ ಅವರು ಅಲ್ಲಿಂದಲೇ ಮುಂದುವರಿಸಬಹುದು.